ತಂದೆ-ತಾಯಿಯ ಹೆಸರು ತಿದ್ದಿಸಲು ಅಫಿಡವಿಟ್: ಪತ್ರಿಕಾ ಪ್ರಕಟಣೆ, ಗೆಜೆಟ್ ಯಾವಾಗ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗ ಭಾಗದಲ್ಲಿ ಒಬ್ಬರಿಗೆ ಒಂದೇ ಹೆಸರಿರುವುದು ಅಪರೂಪ. ನಾಯಕನಹಟ್ಟಿಯ ದೇವರ ಹೆಸರಿಟ್ಟ ಮಗ ಶಾಲೆಯಲ್ಲಿ ತಿಪ್ಪೇಸ್ವಾಮಿ, ಊರಿನಲ್ಲಿ ತಿಪ್ಪಣ್ಣ, ಬೀಗರ ಮನೆಯಲ್ಲಿ ತಿಪ್ಪೇಶಪ್ಪ. ಸೊಸೆಯಾಗಿ ಬಂದವಳಿಗೆ ಗಂಡನ ಮನೆಯವರು ಬೇರೆ ಹೆಸರಿಟ್ಟು ಕರೆಯುವ ಪದ್ಧತಿಯೂ ಇನ್ನೂ ಪೂರ್ತಿ ಹೋಗಿಲ್ಲ. ಅವರ ಮಕ್ಕಳು ನೌಕರಿಯ ದಾಖಲೆ ಪರಿಶೀಲನೆಗೋ ಪಾಸ್‌ಪೋರ್ಟಿಗೋ ಹೋಗಿ ನಿಂತಾಗ ಈ ಹೆಸರುಗಳೆಲ್ಲ ಒಂದೇ ಮೇಜಿನ ಮೇಲೆ ಬಂದು ಬೀಳುತ್ತವೆ. ವಕೀಲರ ಕಚೇರಿಯಲ್ಲಿ ಇಂಥ ಅಫಿಡವಿಟ್‌ಗಳ ಕರಡು ಬರೆಯುವ ಕೆಲಸ ನನ್ನದಾದ್ದರಿಂದ, ಬರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಪ್ರಮಾಣಪತ್ರ ಎಂಬ ಒಂದೇ ಮಾತನ್ನು ನಾವು ಜನನ ಪ್ರಮಾಣಪತ್ರಕ್ಕೂ ಅಫಿಡವಿಟ್‌ಗೂ ಬಳಸುವುದರಿಂದ, ಗೊಂದಲವಾಗದಿರಲೆಂದು ಎರಡನೆಯದನ್ನು ಉದ್ದಕ್ಕೂ ಅಫಿಡವಿಟ್ ಎಂದೇ ಕರೆದಿದ್ದೇನೆ.

ಅಫಿಡವಿಟ್ ಮಾಡಿಸಿದರೆ ದಾಖಲೆಯಲ್ಲಿ ಹೆಸರು ತಿದ್ದಿದಂತಾಯಿತೇ?

ಆಗುವುದಿಲ್ಲ. ಅಫಿಡವಿಟ್ ಎಂದರೆ ನಿಮಗೆ ತಿಳಿದಿರುವ ಸಂಗತಿಯನ್ನು ನೀವು ಪ್ರಮಾಣ ಮಾಡಿ ಹೇಳಿದ ಮಾತು, ಅಷ್ಟೇ. ದಾಖಲೆಯನ್ನು ತಿದ್ದುವ ಅಧಿಕಾರ ಆ ದಾಖಲೆಯನ್ನು ಇಟ್ಟುಕೊಂಡಿರುವ ಕಚೇರಿಗೆ ಮಾತ್ರ ಇರುತ್ತದೆ. ಅಫಿಡವಿಟ್ ಆ ಅಧಿಕಾರಿಯ ಮುಂದೆ ಇಡುವ ಆಧಾರಗಳಲ್ಲಿ ಒಂದು. ನೋಟರಿಯ ಕೆಂಪು ಮುದ್ರೆ ಬಿದ್ದ ಕಾಗದವನ್ನು ಜನನ ಪ್ರಮಾಣಪತ್ರದ ಹಿಂದೆ ಪಿನ್ ಹೊಡೆದು, ಕೆಲಸ ಮುಗಿಯಿತೆಂದು ವರ್ಷಗಟ್ಟಲೆ ಸುಮ್ಮನಿದ್ದು, ಕಡೆಗೆ ಸಂದರ್ಶನದ ಹಿಂದಿನ ವಾರ ಓಡಿಬರುವವರು ಬಹಳ ಮಂದಿ.

ನಮ್ಮ ದಾಖಲೆಯಲ್ಲಿರುವುದು ತಪ್ಪೋ, ಎರಡು ಹೆಸರೋ, ಹೆಸರು ಬದಲಾವಣೆಯೋ ಎಂದು ತಿಳಿಯುವುದು ಹೇಗೆ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ. ಪತ್ರಿಕೆ ಬೇಕೇ, ಗೆಜೆಟ್ ಬೇಕೇ ಎಂಬುದು ಇದಕ್ಕೆ ಸಿಗುವ ಉತ್ತರದ ಮೇಲೆಯೇ ನಿಂತಿದೆ. ಒಂದು ಕುಟುಂಬವನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳೋಣ.

ಮಗಳು 2004ರಲ್ಲಿ ಚಿತ್ರದುರ್ಗದ ಆಸ್ಪತ್ರೆಯೊಂದರಲ್ಲಿ ಹುಟ್ಟಿದಳು, ಏಕೆಂದರೆ ಚೊಚ್ಚಲ ಹೆರಿಗೆಗೆ ತಾಯಿ ತವರಿಗೆ ಹೋಗಿದ್ದಳು. ವಿವರ ಬರೆಸಿದವರು ತವರಿನ ಕಡೆಯವರು. ಹೀಗಾಗಿ ಜನನ ನೋಂದಣಿಯಲ್ಲಿ ತಂದೆಯ ಹೆಸರು ತಿಪ್ಪಣ್ಣ ಎಂದೂ ತಾಯಿಯ ಹೆಸರು ಕರಿಬಸಮ್ಮ ಎಂದೂ ದಾಖಲಾಯಿತು. ಮಗಳು ಓದಿದ್ದು ದಾವಣಗೆರೆಯಲ್ಲಿ. ಶಾಲೆಗೆ ಸೇರಿಸಿದ ದಿನ ತಂದೆ ಬರೆಸಿದ್ದು ತಿಪ್ಪೇಸ್ವಾಮಿ ಮತ್ತು ಸುಮಂಗಳಾ ಎಂದು, ಅದೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಬಂತು. ಈಗ ಹೊರಗಿನವರು ನೋಡಿದರೆ ಜನನ ಪ್ರಮಾಣಪತ್ರದ ತಂದೆ-ತಾಯಿ ಬೇರೆ, ಅಂಕಪಟ್ಟಿಯ ತಂದೆ-ತಾಯಿ ಬೇರೆ.

ತಂದೆಯ ದಾಖಲೆಗಳನ್ನು ಹರಡಿ ನೋಡಿದರೆ, ಅವರ ಶಾಲೆಯ ಟಿ.ಸಿ., ಆಧಾರ್, ಮತದಾರರ ಗುರುತಿನ ಚೀಟಿ, ಪಹಣಿ ಎಲ್ಲದರಲ್ಲೂ ತಿಪ್ಪೇಸ್ವಾಮಿ ಎಂದೇ ಇದೆ. ತಿಪ್ಪಣ್ಣ ಎಂಬುದು ಬಾಯಿಮಾತಿನ ಹೆಸರು. ಮಗಳ ಜನನ ನೋಂದಣಿಯನ್ನು ಬಿಟ್ಟು ಬೇರೆ ಯಾವ ಕಾಗದದಲ್ಲೂ ಅದು ಇಲ್ಲ. ಆದ್ದರಿಂದ ಇದು ನೋಂದಣಿಯಲ್ಲಿ ಆದ ತಪ್ಪು, ತಿದ್ದುಪಡಿಗೆ ತಕ್ಕದ್ದು.

ತಾಯಿಯ ಕಥೆ ಬೇರೆ. ಮದುವೆಗೆ ಮುಂಚಿನ ಟಿ.ಸಿ.ಯಲ್ಲಿ ಕರಿಬಸಮ್ಮ ಎಂದಿದೆ, ಮದುವೆಯ ನಂತರದ ಆಧಾರ್ ಮತ್ತು ಪಡಿತರ ಚೀಟಿಯಲ್ಲಿ ಸುಮಂಗಳಾ ಎಂದಿದೆ. ಎರಡೂ ನಿಜವಾದ ಹೆಸರುಗಳೇ. ಜನನ ನೋಂದಣಿಯಲ್ಲಿರುವ ಕರಿಬಸಮ್ಮ ಎಂಬುದನ್ನು ತಪ್ಪು ಎನ್ನಲು ಬರುವುದಿಲ್ಲ. ಇದು ಒಬ್ಬರಿಗೇ ಎರಡು ಹೆಸರಿರುವ ಪ್ರಸಂಗ. ನಾಳೆ ಆ ತಾಯಿ ತನ್ನ ಹಳೆಯ ಹೆಸರನ್ನು ಎಲ್ಲ ಕಡೆಯೂ ಬಿಟ್ಟು ಸುಮಂಗಳಾ ಎಂದು ಮಾತ್ರ ಇರಬೇಕೆಂದು ನಿರ್ಧರಿಸಿದರೆ, ಅದು ಮೂರನೆಯ ಬಗೆಯಾದ ಹೆಸರು ಬದಲಾವಣೆಯಾಗುತ್ತದೆ.

ಮೊದಲನೆಯದಕ್ಕೆ ಅಫಿಡವಿಟ್ ಮತ್ತು ಪೋಷಕ ದಾಖಲೆಗಳು ಸಾಕು. ಎರಡನೆಯದಕ್ಕೆ ಅಫಿಡವಿಟ್ ಜೊತೆಗೆ ಪತ್ರಿಕಾ ಪ್ರಕಟಣೆಯನ್ನು ಕೇಳುವುದುಂಟು. ಗೆಜೆಟ್ ಇರುವುದು ಮೂರನೆಯದಕ್ಕೆ.

ಜನನ ನೋಂದಣಿಯಲ್ಲಿ ತಂದೆಯ ಹೆಸರನ್ನು ಯಾವ ಕಾನೂನಿನಡಿ, ಯಾರು ತಿದ್ದುತ್ತಾರೆ?

1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಪ್ರಕರಣವು ಈ ಅಧಿಕಾರವನ್ನು ನೋಂದಣಾಧಿಕಾರಿಗೆ ಕೊಟ್ಟಿದೆ. ನೀವು ಈಗ ವಾಸವಾಗಿರುವ ಊರಿನ ಅಧಿಕಾರಿ ಇದನ್ನು ಮಾಡಲಾರರು. ಜನನ ಯಾವ ಕಚೇರಿಯ ರಿಜಿಸ್ಟರ್‌ನಲ್ಲಿ ದಾಖಲಾಗಿದೆಯೋ ಅಲ್ಲಿಗೇ ಹೋಗಬೇಕು. ನಮ್ಮ ಉದಾಹರಣೆಯ ಮಗಳು ದಾವಣಗೆರೆಯಲ್ಲಿ ಬೆಳೆದಿದ್ದರೂ ಅವಳ ಅರ್ಜಿ ಚಿತ್ರದುರ್ಗ ನಗರದ ನೋಂದಣಾಧಿಕಾರಿಗೆ ಹೋಗಬೇಕು. ದಾವಣಗೆರೆ ಪಾಲಿಕೆಯಲ್ಲಿ ಅರ್ಧ ದಿನ ಸರದಿಯಲ್ಲಿ ನಿಂತ ಮೇಲೆ ಇದು ತಿಳಿಯುವುದು ಬೇಸರದ ಸಂಗತಿ.

ಅದೇ ಪ್ರಕರಣ ಇನ್ನೊಂದು ಮಾತನ್ನೂ ಹೇಳುತ್ತದೆ. ಮೂಲ ಬರಹವನ್ನು ಅಳಿಸುವಂತಿಲ್ಲ, ತಿದ್ದಿ ಬರೆಯುವಂತಿಲ್ಲ. ಸರಿಯಾದ ವಿವರವನ್ನು ರಿಜಿಸ್ಟರ್‌ನ ಅಂಚಿನಲ್ಲಿ ಬರೆದು, ಅಧಿಕಾರಿ ಸಹಿ ಮಾಡಿ, ತಿದ್ದಿದ ದಿನಾಂಕವನ್ನು ಹಾಕಬೇಕು. ಆದ್ದರಿಂದ ಹಳೆಯ ಬರಹ ರಿಜಿಸ್ಟರ್‌ನಲ್ಲಿ ಹಾಗೆಯೇ ಉಳಿಯುತ್ತದೆ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ.

ತಪ್ಪುಗಳಲ್ಲಿ ಎರಡು ಬಗೆ. ಬರೆಯುವಾಗ ಕೈತಪ್ಪಿದ್ದು ಒಂದು. ಆಸ್ಪತ್ರೆಯ ವರದಿಯಲ್ಲಿ ಬಸವರಾಜಪ್ಪ ಎಂದಿದ್ದು ರಿಜಿಸ್ಟರ್‌ನಲ್ಲಿ ಬಸರಾಜಪ್ಪ ಎಂದಾಗಿದ್ದರೆ ಅದು ಕೈತಪ್ಪು, ಅಧಿಕಾರಿ ಮೂಲ ವರದಿಯನ್ನು ನೋಡಿ ಖಾತ್ರಿಯಾದ ಮೇಲೆ ಸರಿಪಡಿಸಬಹುದು. ಬರೆಸಿದ ಸಂಗತಿಯೇ ತಪ್ಪಾಗಿರುವುದು ಇನ್ನೊಂದು. ತಿಪ್ಪೇಸ್ವಾಮಿಯ ಬದಲು ತಿಪ್ಪಣ್ಣ ಎಂದು ಬರೆಸಿದ್ದು ಈ ಬಗೆಯದು. ಇದಕ್ಕೆ 1999ರ ಕರ್ನಾಟಕ ಜನನ ಮರಣ ನೋಂದಣಿ ನಿಯಮಗಳ 11ನೇ ನಿಯಮವು, ಸಂಗತಿಯನ್ನು ಬಲ್ಲ ಇಬ್ಬರು ನಂಬಲರ್ಹ ವ್ಯಕ್ತಿಗಳು ತಪ್ಪು ಯಾವುದು, ಸತ್ಯ ಯಾವುದು ಎಂದು ವಿವರಿಸಿ ಕೊಟ್ಟ ಘೋಷಣೆಯನ್ನು ಕೇಳುತ್ತದೆ. ಎಲ್ಲರೂ ಮರೆಯುವುದು ಇದನ್ನೇ. ಅರ್ಜಿದಾರರ ಸ್ವಂತ ಅಫಿಡವಿಟ್ ಒಂದನ್ನೇ ಹಿಡಿದು ಹೋಗಿ, ಸಾಲದೆಂದು ವಾಪಸಾಗುತ್ತಾರೆ. ಮೊದಲ ದಿನವೇ ತಂದೆಯ ಅಫಿಡವಿಟ್ ಒಂದು, ದೊಡ್ಡಪ್ಪನದೋ ಸೋದರಮಾವನದೋ ಊರಿನ ಹಿರಿಯರದೋ ಘೋಷಣೆ ಎರಡು, ಹೀಗೆ ಮೂರನ್ನೂ ಕೊಂಡೊಯ್ಯುವುದು ಒಳ್ಳೆಯದು. ಈ ಇಬ್ಬರು ಹೆಸರಿನ ವಿಚಾರವನ್ನು ಸ್ವತಃ ಬಲ್ಲವರಾಗಿರಬೇಕು. ಕಚೇರಿಯ ಮುಂದೆ ಸಿಕ್ಕವರನ್ನು ಹಿಡಿದು ಸಹಿ ಹಾಕಿಸಿದ ಘೋಷಣೆ ಅಧಿಕಾರಿ ಎರಡು ಪ್ರಶ್ನೆ ಕೇಳುವಷ್ಟರಲ್ಲಿ ಕುಸಿಯುತ್ತದೆ.

ತಿದ್ದುಪಡಿಯಾದ ಮೇಲೆ, ಮೊದಲು ಜನನದ ಮಾಹಿತಿ ಕೊಟ್ಟವರ ಖಾಯಂ ವಿಳಾಸಕ್ಕೆ ತಿಳಿವಳಿಕೆ ಪತ್ರ ಕಳಿಸಬೇಕೆಂದೂ ನಿಯಮದಲ್ಲಿದೆ. ತವರಿನ ವಿಳಾಸಕ್ಕೆ ಅಂಥ ಪತ್ರ ಹೋದರೆ ಅಜ್ಜ ಬೆಚ್ಚಿ ಬೀಳದಂತೆ ಮೊದಲೇ ಒಂದು ಮಾತು ಹೇಳಿಡಿ.

ಅಫಿಡವಿಟ್‌ನಲ್ಲಿ ಏನು ಬರೆಯಬೇಕು?

ಅರ್ಧ ಕೆಲಸ ಕೆಡುವುದು ಇಲ್ಲಿಯೇ. ಟೈಪ್ ಮಾಡುವವರ ಕಂಪ್ಯೂಟರ್‌ನಲ್ಲಿ ಹೆಸರು ಬದಲಾವಣೆಯ ಒಂದು ಸಿದ್ಧ ನಮೂನೆ ಇರುತ್ತದೆ, ಅದರಲ್ಲಿ ಹೆಸರುಗಳನ್ನು ಮಾತ್ರ ತುಂಬಿ ಕೊಡುತ್ತಾರೆ. ಆ ನಮೂನೆಯಲ್ಲಿ ಹೀಗೊಂದು ಸಾಲು ಬರುತ್ತದೆ:

> ನಾನು ನನ್ನ ಹೆಸರನ್ನು ತಿಪ್ಪಣ್ಣ ಎಂಬುದರಿಂದ ತಿಪ್ಪೇಸ್ವಾಮಿ ಎಂದು ಬದಲಾಯಿಸಿಕೊಂಡಿದ್ದು, ಇನ್ನು ಮುಂದೆ ತಿಪ್ಪೇಸ್ವಾಮಿ ಎಂದೇ ಗುರುತಿಸಲ್ಪಡುತ್ತೇನೆ.

ತಂದೆ ಈ ಸಾಲಿಗೆ ಸಹಿ ಹಾಕಿದ ಕ್ಷಣದಲ್ಲಿ, ಮಗಳು ಹುಟ್ಟಿದ 2004ರಲ್ಲಿ ತನ್ನ ಹೆಸರು ತಿಪ್ಪಣ್ಣ ಎಂದೇ ಇತ್ತೆಂದು ತಾನೇ ಪ್ರಮಾಣ ಮಾಡಿ ಒಪ್ಪಿಕೊಂಡಂತಾಯಿತು. ಹಾಗಿದ್ದ ಮೇಲೆ ಜನನ ನೋಂದಣಿಯಲ್ಲಿ ತಪ್ಪೇ ಇಲ್ಲ, ತಿದ್ದಲು ಏನೂ ಇಲ್ಲ. ಅಷ್ಟೇ ಅಲ್ಲ, ಹೆಸರು ಬದಲಾಗಿದ್ದರೆ ಗೆಜೆಟ್ ಎಲ್ಲಿ ಎಂದು ಗುಮಾಸ್ತರು ಕೇಳುವುದೂ ನ್ಯಾಯವೇ. 'ಬದಲಾಯಿಸಿಕೊಂಡಿದ್ದು', 'ಇನ್ನು ಮುಂದೆ' ಎಂಬ ಎರಡು ಮಾತುಗಳಿಂದ ಸರಳವಾದ ತಿದ್ದುಪಡಿ ದೆಹಲಿಯವರೆಗೆ ಹೋಗಬೇಕಾದ ಕೆಲಸವಾಗಿಬಿಡುತ್ತದೆ.

ತಪ್ಪನ್ನು ತಿದ್ದಿಸಲು ಮಾಡುವ ಅಫಿಡವಿಟ್‌ನ ತಿರುಳು ಹೀಗಿರಬೇಕು:

> ನನ್ನ ನಿಜವಾದ ಹೆಸರು ಹುಟ್ಟಿದಾಗಿನಿಂದಲೂ ತಿಪ್ಪೇಸ್ವಾಮಿ ಎಂದೇ ಇದ್ದು, ನನ್ನ ಶಾಲಾ ವರ್ಗಾವಣೆ ಪತ್ರ, ಆಧಾರ್ ಮತ್ತು ಮತದಾರರ ಗುರುತಿನ ಚೀಟಿಯಲ್ಲಿ ಹಾಗೆಯೇ ನಮೂದಾಗಿರುತ್ತದೆ. ನನ್ನ ಮಗಳ ಜನನ ನೋಂದಣಿಯ ಸಮಯದಲ್ಲಿ ಮಾಹಿತಿ ನೀಡಿದವರು ನನ್ನನ್ನು ಮನೆಯಲ್ಲಿ ಕರೆಯುವ ತಿಪ್ಪಣ್ಣ ಎಂಬ ಹೆಸರನ್ನು ತಪ್ಪಾಗಿ ಬರೆಸಿರುತ್ತಾರೆ. ಸದರಿ ನೋಂದಣಿಯಲ್ಲಿ ತಿಪ್ಪಣ್ಣ ಎಂದು ನಮೂದಾಗಿರುವ ವ್ಯಕ್ತಿಯು ನಾನೇ ಆಗಿರುತ್ತೇನೆ.

ಇದರಲ್ಲಿ ಮೂರು ಸಂಗತಿಗಳಿವೆ: ಸರಿಯಾದ ಹೆಸರು ಯಾವುದು ಮತ್ತು ಅದಕ್ಕೆ ಆಧಾರವೇನು, ತಪ್ಪು ಹೇಗೆ ನುಸುಳಿತು, ಎರಡೂ ಹೆಸರಿನ ವ್ಯಕ್ತಿ ಒಬ್ಬರೇ ಎಂಬುದು. ಎರಡನೆಯದನ್ನು ಬಹುತೇಕರು ಬಿಟ್ಟೇಬಿಡುತ್ತಾರೆ. ತಪ್ಪು ಆದದ್ದು ಹೇಗೆಂದು ಹೇಳದ ಅಫಿಡವಿಟ್ ಓದಿದ ಅಧಿಕಾರಿಗೆ ಮೊದಲು ಬರುವ ಅನುಮಾನವೂ ಅದರ ಬಗ್ಗೆಯೇ.

ತಾಯಿಯದಕ್ಕೆ ಮಾತು ಬೇರೆಯಾಗಬೇಕು. ಕರಿಬಸಮ್ಮ ಯಾನೆ ಸುಮಂಗಳಾ ಎಂದು ಆರಂಭಿಸಿ, ಮೊದಲನೆಯದು ತವರಿನಲ್ಲಿ ಇಟ್ಟ ಹೆಸರು, ಎರಡನೆಯದು ಮದುವೆಯ ನಂತರ ಬಂದ ಹೆಸರು, ಯಾವ ಯಾವ ದಾಖಲೆಯಲ್ಲಿ ಯಾವುದಿದೆ, ಎರಡೂ ತನ್ನವೇ ಎಂದು ಹೇಳಬೇಕು. ಯಾನೆ, ಉರುಫ್, ಅಲಿಯಾಸ್ ಮೂರೂ ನಡೆಯುತ್ತವೆ. ಆದರೆ ಒಂದೇ ಕಾಗದದಲ್ಲಿ ಮೂರನ್ನೂ ಬೆರೆಸಬೇಡಿ. ನೋಂದಣಿ ಸಂಖ್ಯೆ, ನೋಂದಣಿ ದಿನಾಂಕ, ಅಂಕಪಟ್ಟಿಯ ನೋಂದಣಿ ಸಂಖ್ಯೆ ಮತ್ತು ವರ್ಷ ಇವುಗಳನ್ನು ಅಫಿಡವಿಟ್‌ನ ಒಳಗೇ ನಮೂದಿಸಿ. ಇನಿಷಿಯಲ್ ಮುಂದೆ ಬರುವುದೋ ಹಿಂದೆ ಬರುವುದೋ, ಅದರ ವಿಸ್ತರಣೆ ಏನು ಎಂಬುದನ್ನೂ ಬರೆಯಿರಿ. ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಹೇಗೆ ಬರಬೇಕೆಂಬುದನ್ನು ಒಮ್ಮೆ ದೊಡ್ಡ ಅಕ್ಷರಗಳಲ್ಲಿ ಕಾಣಿಸಿ: THIPPESWAMY ಮತ್ತು TIPPESWAMY ನಮ್ಮ ಕಿವಿಗೆ ಒಂದೇ, ಕಂಪ್ಯೂಟರ್‌ಗೆ ಎರಡು.

ಛಾಪಾ ಕಾಗದ ಎಷ್ಟರದು? ನೋಟರಿ ಬಳಿ ಏನನ್ನು ಗಮನಿಸಬೇಕು?

ಮೊದಲು 20 ರೂಪಾಯಿ ಇದ್ದ ಅಫಿಡವಿಟ್‌ನ ಮುದ್ರಾಂಕ ಶುಲ್ಕ 2024ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ 100 ರೂಪಾಯಿ ಆಗಿದೆ. ಹಳೆಯ ಸಲಹೆಯನ್ನು ನೆಚ್ಚಿ 20 ರೂಪಾಯಿಯ ಕಾಗದದಲ್ಲಿ ಮಾಡಿಸಿದರೆ ಶುಲ್ಕ ಕಡಿಮೆಯಾಯಿತೆಂದು ಹಿಂತಿರುಗಿಸುತ್ತಾರೆ. ಇ-ಸ್ಟ್ಯಾಂಪ್ ಕೈಗೆ ಬಂದ ಕೂಡಲೇ ಮೇಲಿನ ಭಾಗವನ್ನು ಓದಿ. ಮೊದಲನೇ ಪಕ್ಷಗಾರರ ಜಾಗದಲ್ಲಿ ಪ್ರಮಾಣ ಮಾಡುವವರ ಹೆಸರು ಇರಬೇಕು, ದಸ್ತಾವೇಜಿನ ವಿವರದಲ್ಲಿ ಅಫಿಡವಿಟ್ ಎಂದಿರಬೇಕು. ಹೆಸರು ತಿದ್ದಿಸಲೆಂದು ತಂದ ಛಾಪಾ ಕಾಗದದಲ್ಲಿಯೇ ಹೆಸರು ತಪ್ಪಾಗಿದ್ದ ಪ್ರಸಂಗ ಒಂದಲ್ಲ, ಹಲವು ಸಲ ನನ್ನ ಮೇಜಿನ ಮೇಲೆ ಬಂದಿದೆ.

ಪ್ರಮಾಣ ಮಾಡುವವರು ಸ್ವತಃ ನೋಟರಿಯ ಎದುರು ಬಂದು ಸಹಿ ಹಾಕಬೇಕು. ಮನೆಯಲ್ಲಿ ಸಹಿ ಹಾಕಿಸಿ ಮಗನ ಕೈಯಲ್ಲಿ ಕಳಿಸಿದ ಕಾಗದಕ್ಕೆ ಮುದ್ರೆ ಬಿದ್ದರೂ ಅದು ಸರಿಯಾದ ಅಫಿಡವಿಟ್ ಅಲ್ಲ. ನೋಟರಿಯ ರಿಜಿಸ್ಟರ್‌ನಲ್ಲಿ ನಮೂದಾದ ಕ್ರಮಸಂಖ್ಯೆ ಮತ್ತು ದಿನಾಂಕ ಕಾಗದದ ಮೇಲೆ ಇದೆಯೇ ನೋಡಿಕೊಳ್ಳಿ. ಪುಟ ಎರಡಾದರೆ ಎರಡರಲ್ಲೂ ಸಹಿ ಬೇಕು. ಹೆಬ್ಬೆಟ್ಟು ಒತ್ತುವವರಾದರೆ, ಒಕ್ಕಣೆಯನ್ನು ಅವರಿಗೆ ಓದಿ ಹೇಳಲಾಯಿತು, ಒಪ್ಪಿಕೊಂಡರು ಎಂಬ ಸಾಲು ಕಡ್ಡಾಯವಾಗಿ ಇರಲಿ. ಕನಿಷ್ಠ ಎರಡು ಮೂಲ ಪ್ರತಿಗಳನ್ನು ಮಾಡಿಸಿ, ಏಕೆಂದರೆ ಜನನ ನೋಂದಣಿ ಕಚೇರಿಗೆ ಕೊಟ್ಟ ಮೂಲ ಹಿಂದಕ್ಕೆ ಬರುವುದಿಲ್ಲ.

ಪಾಸ್‌ಪೋರ್ಟ್ ಅರ್ಜಿಯ ಅನುಬಂಧಗಳಿಗೆ ಮಾತ್ರ 2016ರ ಡಿಸೆಂಬರ್‌ನಲ್ಲಿ ಪ್ರಕಟವಾದ ಸಡಿಲಿಕೆಯಿಂದ ಛಾಪಾ ಕಾಗದ, ನೋಟರಿ ಬೇಕಿಲ್ಲ, ಬಿಳಿ ಹಾಳೆಯ ಸ್ವಯಂ ಘೋಷಣೆ ಸಾಕು.

ತಂದೆ ತೀರಿಕೊಂಡಿದ್ದರೆ ಯಾರು ಪ್ರಮಾಣ ಮಾಡಬೇಕು?

ತಾಯಿ ಅಥವಾ ಹದಿನೆಂಟು ತುಂಬಿದ ಮಗ, ಮಗಳು ಮಾಡಬಹುದು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ, ತಂದೆಯ ಹೆಸರಿದ್ದ ಹಳೆಯ ದಾಖಲೆಗಳನ್ನು ಲಗತ್ತಿಸಬೇಕು. ಆ ಇಬ್ಬರು ಬಲ್ಲವರಲ್ಲಿ ಒಬ್ಬರು ತಂದೆಯ ಒಡಹುಟ್ಟಿದವರಾದರೆ ತೂಕ ಹೆಚ್ಚು. ಮರಣ ಪ್ರಮಾಣಪತ್ರದಲ್ಲಿಯೇ ತಪ್ಪು ಹೆಸರಿದ್ದರೆ ಮೊದಲು ಅದನ್ನು ತಿದ್ದಿಸಿ. ಅದಕ್ಕೂ 15ನೇ ಪ್ರಕರಣವೇ ಅನ್ವಯಿಸುತ್ತದೆ.

ತೀರಿಕೊಂಡವರ ಹೆಸರಿಗೆ ಗೆಜೆಟ್ ಮಾಡಿಸಿಕೊಡಿ ಎಂದು ಕೇಳುವವರೂ ಇದ್ದಾರೆ. ಹೆಸರು ಬದಲಾಯಿಸಿಕೊಂಡೆ ಎಂದು ಹೇಳಬೇಕಾದವರೇ ಇಲ್ಲದ ಮೇಲೆ ಅಂಥ ಪ್ರಕಟಣೆಗೆ ಅರ್ಥವಿಲ್ಲ. ಒಬ್ಬರೇ ವ್ಯಕ್ತಿ ಎಂಬುದನ್ನು ದಾಖಲೆಗಳಿಂದ ತೋರಿಸುವುದೇ ಅಲ್ಲಿರುವ ದಾರಿ.

ಪತ್ರಿಕಾ ಪ್ರಕಟಣೆ ಯಾವಾಗ ಬೇಕು?

ಅಕ್ಷರದ ತಪ್ಪಿಗೆ ಬೇಡ. ತಂದೆಯ ಎಲ್ಲ ದಾಖಲೆಗಳೂ ಒಂದೇ ಹೆಸರನ್ನು ಹೇಳುತ್ತಿದ್ದು ಒಂದು ದಾಖಲೆ ಮಾತ್ರ ಬೇರೆಯಾಗಿದ್ದರೆ ಅಲ್ಲಿಯೂ ಸಾಮಾನ್ಯವಾಗಿ ಬೇಡ. ತಾಯಿಯ ಪ್ರಸಂಗದಂತೆ ಎರಡು ಹೆಸರುಗಳಿಗೂ ಅಕ್ಷರದ ಸಂಬಂಧವೇ ಇಲ್ಲದಿದ್ದಾಗ, ಮತ್ತು ಅಂಥ ವ್ಯತ್ಯಾಸದಿಂದ ಬೇರೆ ಯಾರಿಗಾದರೂ ಆಕ್ಷೇಪಣೆ ಇರಬಹುದೆಂದು ಕಚೇರಿಗೆ ಅನಿಸಿದಾಗ ಅದನ್ನು ಕೇಳುತ್ತಾರೆ. ಕೇಂದ್ರದ ಗೆಜೆಟ್‌ಗೆ ಅರ್ಜಿ ಹಾಕುವುದಾದರೆ ಪತ್ರಿಕಾ ಪ್ರಕಟಣೆ ಅದರ ಹಿಂದಿನ ಮೆಟ್ಟಿಲು.

ಪ್ರಕಟಣೆಯಿಂದ ಹೆಸರು ಸಾಬೀತಾಗುವುದಿಲ್ಲ. ಸಾರ್ವಜನಿಕರಿಗೆ ತಿಳಿಸಲಾಗಿತ್ತು ಎಂಬುದಕ್ಕೆ ಮಾತ್ರ ಅದು ಸಾಕ್ಷಿ. ಆದ್ದರಿಂದ ಅಫಿಡವಿಟ್ ಮೊದಲು, ಪ್ರಕಟಣೆ ಆಮೇಲೆ. ಪ್ರಕಟಣೆಯಲ್ಲಿ ಅಫಿಡವಿಟ್‌ನ ದಿನಾಂಕ ಮತ್ತು ನೋಟರಿಯ ಹೆಸರು ಬರಬೇಕಾದ್ದರಿಂದ ಈ ಕ್ರಮ ತಪ್ಪಿದರೆ ಎರಡು ಸಲ ಹಣ ಕೊಡಬೇಕಾಗುತ್ತದೆ.

ಒಂದು ಕನ್ನಡ, ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಹಾಕಿಸುವುದು ರೂಢಿ. ಕನ್ನಡದ್ದು ನಿಮ್ಮ ಜಿಲ್ಲೆಯಲ್ಲಿ ಓದುವ ಪತ್ರಿಕೆಯಾಗಿರಬೇಕು. ದಾವಣಗೆರೆಯವರು ಜನತಾವಾಣಿಯಂಥ ಸ್ಥಳೀಯ ದಿನಪತ್ರಿಕೆಯಲ್ಲಿಯೋ ರಾಜ್ಯಮಟ್ಟದ ಪತ್ರಿಕೆಯ ಸ್ಥಳೀಯ ಆವೃತ್ತಿಯಲ್ಲಿಯೋ ಹಾಕಿಸುತ್ತಾರೆ. ಸ್ಥಳೀಯ ಪತ್ರಿಕೆಯಲ್ಲಿ ಖರ್ಚು ಕಡಿಮೆಯಾಗುವುದು ನಿಜ. ಆದರೂ ಹಣ ಕಟ್ಟುವ ಮೊದಲು, ಅದನ್ನು ಸ್ವೀಕರಿಸುತ್ತೀರಾ ಎಂದು ಸಂಬಂಧಪಟ್ಟ ಕಚೇರಿಯಲ್ಲಿ ಕೇಳಿ.

ಪ್ರಕಟಣೆಯ ಒಕ್ಕಣೆಗೂ ಮೇಲೆ ಹೇಳಿದ ಎಚ್ಚರಿಕೆಯೇ ಬೇಕು. ಜಾಹೀರಾತು ಬರೆಸಿಕೊಳ್ಳುವವರು ಅಭ್ಯಾಸಬಲದಿಂದ 'ಇನ್ನು ಮುಂದೆ ಸುಮಂಗಳಾ ಎಂದು ಕರೆಯಲ್ಪಡುತ್ತೇನೆ' ಎಂದು ಸೇರಿಸಿಬಿಡುತ್ತಾರೆ. ನಿಮಗೆ ಬೇಕಾದ ಸಾಲು 'ಕರಿಬಸಮ್ಮ ಮತ್ತು ಸುಮಂಗಳಾ ಎಂಬ ಎರಡೂ ಹೆಸರುಗಳು ನನ್ನವೇ ಆಗಿರುತ್ತವೆ' ಎಂಬುದು. ಪತ್ರಿಕೆ ಬಂದ ದಿನ ತುಣುಕನ್ನು ಕತ್ತರಿಸಬೇಡಿ. ಪತ್ರಿಕೆಯ ಹೆಸರು, ದಿನಾಂಕ, ಪುಟಸಂಖ್ಯೆ ಕಾಣುವಂತೆ ಇಡೀ ಹಾಳೆಯನ್ನು, ಮುಖಪುಟ ಸಹಿತ, ನಾಲ್ಕೈದು ಪ್ರತಿ ಕೊಂಡಿಡಿ. ಹಳೆಯ ಸಂಚಿಕೆ ಹುಡುಕಿಕೊಂಡು ಪತ್ರಿಕಾ ಕಚೇರಿಗೆ ಅಲೆಯುವ ಕಷ್ಟ ತಪ್ಪುತ್ತದೆ.

ಹಾಗಾದರೆ ಗೆಜೆಟ್ ಯಾರಿಗೆ ಬೇಕು?

ಹೆಸರನ್ನು ನಿಜವಾಗಿಯೂ ಬದಲಾಯಿಸಿಕೊಂಡವರಿಗೆ. ಕೇಂದ್ರದ ಗೆಜೆಟ್‌ನ ನಾಲ್ಕನೇ ಭಾಗ ಖಾಸಗಿ ವ್ಯಕ್ತಿಗಳ ಪ್ರಕಟಣೆಗಳಿಗೆ ಮೀಸಲಾಗಿದ್ದು, ದೆಹಲಿಯಲ್ಲಿರುವ ಪ್ರಕಟಣಾ ಇಲಾಖೆಗೆ ನಿಗದಿತ ನಮೂನೆ, ಅಫಿಡವಿಟ್, ಪತ್ರಿಕಾ ಪ್ರಕಟಣೆಯ ಮೂಲ ಹಾಳೆ ಮುಂತಾದವುಗಳನ್ನು ಶುಲ್ಕದೊಂದಿಗೆ ಕಳಿಸಬೇಕು. ಆ ನಮೂನೆಯ ಒಕ್ಕಣೆಯೇ, ಇಲ್ಲಿಯವರೆಗೆ ಇಂಥ ಹೆಸರಿನಿಂದ ಪರಿಚಿತನಾಗಿದ್ದ ನಾನು ಹೆಸರು ಬದಲಾಯಿಸಿಕೊಂಡಿದ್ದೇನೆ, ಇನ್ನು ಮುಂದೆ ಇಂಥ ಹೆಸರಿನಿಂದ ಪರಿಚಿತನಾಗುತ್ತೇನೆ ಎಂದಿದೆ. ಸಹಿಯನ್ನೂ ಹಳೆಯ ಹೆಸರಿನಲ್ಲಿಯೇ ಹಾಕಬೇಕು. ಅಂದರೆ ತಿಪ್ಪಣ್ಣ ಎಂದು ಎಂದೂ ಸಹಿ ಹಾಕದ ತಂದೆ ಗೆಜೆಟ್‌ಗಾಗಿ ಆ ಹೆಸರಿನಲ್ಲಿ ಸಹಿ ಹಾಕಬೇಕಾಗುತ್ತದೆ. ಗೆಜೆಟ್ ತಿದ್ದುಪಡಿಯ ಸಾಧನವಲ್ಲ ಎಂಬುದು ಇಲ್ಲಿಯೇ ಕಾಣುತ್ತದೆ.

ನೆನಪಿಡಬೇಕಾದ ಇನ್ನೊಂದು ಸಂಗತಿ, ಗೆಜೆಟ್‌ನ ಅರ್ಜಿದಾರರು ಹೆಸರು ಬದಲಾದವರೇ ಆಗಿರಬೇಕು. ತಾಯಿಯ ಹೆಸರು ಬದಲಾಗಿದ್ದರೆ ಅರ್ಜಿ ತಾಯಿಯದು, ಮಗಳದಲ್ಲ. ಹಾಗೆ ಬದಲಾವಣೆ ಪ್ರಕಟವಾದ ಮೇಲೂ ಮಗಳ ಜನನ ನೋಂದಣಿಯಲ್ಲಿರುವ ಕರಿಬಸಮ್ಮ ಎಂಬುದು ತಪ್ಪಾಗಿಬಿಡುವುದಿಲ್ಲ. ಅಂದು ಅದು ಸರಿಯಾಗಿತ್ತು. ಆ ಜನನ ಪ್ರಮಾಣಪತ್ರದ ಜೊತೆಗೆ ಗೆಜೆಟ್ ಪ್ರತಿಯನ್ನು ಹಾಜರುಪಡಿಸಿ ಇಬ್ಬರೂ ಒಬ್ಬರೇ ಎಂದು ತೋರಿಸುವುದಷ್ಟೇ ಅದರ ಉಪಯೋಗ.

ಪ್ರಕಟವಾದ ಸಂಚಿಕೆಯನ್ನು egazette.gov.in ತಾಣದಿಂದ ಇಳಿಸಿಕೊಳ್ಳಬಹುದು. ಬಂದ ದಿನವೇ ಅಕ್ಷರ ಅಕ್ಷರ ಹೋಲಿಸಿ ನೋಡಿ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆ-ತಾಯಿಯ ಹೆಸರು ತಪ್ಪಾಗಿದ್ದರೆ?

ಅಂಕಪಟ್ಟಿಯ ಬೇರು ಶಾಲೆಯ ದಾಖಲಾತಿ ರಿಜಿಸ್ಟರ್‌ನಲ್ಲಿದೆ. ಮೊದಲು ಓದಿದ ಶಾಲೆಗೆ ಹೋಗಿ ಅದರಲ್ಲಿ ಹೆಸರು ಹೇಗಿದೆಯೆಂದು ಕಣ್ಣಾರೆ ನೋಡಿ, ದೃಢೀಕೃತ ನಕಲು ಪಡೆಯಿರಿ. ರಿಜಿಸ್ಟರ್‌ನಲ್ಲಿ ಸರಿಯಾಗಿದ್ದು ಅಂಕಪಟ್ಟಿಯಲ್ಲಿ ಮಾತ್ರ ತಪ್ಪಿದ್ದರೆ, ಮುಖ್ಯೋಪಾಧ್ಯಾಯರ ಮೂಲಕ ಮೂಲ ಅಂಕಪಟ್ಟಿ ಮತ್ತು ನಕಲನ್ನು ಲಗತ್ತಿಸಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಪ್ರಸ್ತಾವನೆ ಕಳಿಸಬೇಕು. ದಾವಣಗೆರೆ, ಚಿತ್ರದುರ್ಗ ಎರಡೂ ಮಂಡಳಿಯ ಬೆಂಗಳೂರು ವಿಭಾಗಕ್ಕೆ ಸೇರುತ್ತವೆ. ರಿಜಿಸ್ಟರ್‌ನಲ್ಲಿಯೇ ತಪ್ಪಿದ್ದರೆ ಕೆಲಸ ಉದ್ದವಾಗುತ್ತದೆ. ಶಿಕ್ಷಣ ಇಲಾಖೆಯ ಅನುಮತಿಯಿಲ್ಲದೆ ಮುಖ್ಯೋಪಾಧ್ಯಾಯರು ತಾವಾಗಿ ಅದನ್ನು ತಿದ್ದಬಾರದು. ಪರಿಚಯದ ಮೇಷ್ಟ್ರು ಒಳ್ಳೆಯ ಮನಸ್ಸಿನಿಂದ ಬೇರೆ ಶಾಯಿಯಲ್ಲಿ ತಿದ್ದಿ ಕೊಟ್ಟರೆ, ಆ ತಿದ್ದಿದ ಗೆರೆಯೇ ಮುಂದೆ ನಿಮಗೆ ಮುಳುವಾಗುತ್ತದೆ.

ನಮ್ಮ ಉದಾಹರಣೆಯಲ್ಲಿ ಅಂಕಪಟ್ಟಿ ಸರಿಯಾಗಿಯೇ ಇದೆ, ಅದನ್ನು ಮುಟ್ಟುವ ಅಗತ್ಯವಿಲ್ಲ. ಯಾವ ದಾಖಲೆ ಉಳಿದೆಲ್ಲವಕ್ಕಿಂತ ಬೇರೆಯಾಗಿ ನಿಂತಿದೆಯೋ ಅದೊಂದನ್ನೇ ತಿದ್ದಿಸಿ. ಒಂದನ್ನು ಉಳಿಸಲು ಐದನ್ನು ಬದಲಾಯಿಸಲು ಹೊರಟವರ ಹೊಸ ದಾಖಲೆಗಳೆಲ್ಲ ಒಂದೇ ತಿಂಗಳ ದಿನಾಂಕ ಹೊತ್ತು ಬಂದು ಅನುಮಾನ ಹುಟ್ಟಿಸುತ್ತವೆ.

ಆಧಾರ್‌ನಲ್ಲಿ ತಂದೆಯ ಹೆಸರು ತಿದ್ದಿಸಿಬಿಟ್ಟರೆ ಸಾಕಲ್ಲವೇ?

ಸಾಲದು. ಆಧಾರ್‌ನಲ್ಲಿ C/O ಎಂದು ಬರುವ ಹೆಸರು ವಿಳಾಸದ ಭಾಗ ಮಾತ್ರ, ಸಂಬಂಧಕ್ಕೆ ಅದು ಸಾಕ್ಷಿಯಾಗುವುದಿಲ್ಲ.

ಅಫಿಡವಿಟ್‌ನಿಂದ ಆಗದೇ ಇರುವುದು ಯಾವುದು?

ಒಬ್ಬ ವ್ಯಕ್ತಿಯ ಹೆಸರು ತೆಗೆದು ಇನ್ನೊಬ್ಬ ವ್ಯಕ್ತಿಯನ್ನು ತಂದೆಯೆಂದು ಬರೆಸುವುದು. ಮಲತಂದೆಯ ಹೆಸರನ್ನು ಹಾಕಿಸಿ ಎಂದು ಕೇಳಿಕೊಂಡು ಬರುವವರ ನೋವು ಅರ್ಥವಾಗುತ್ತದೆ, ಆದರೆ ಅದು ಹೆಸರಿನ ತಿದ್ದುಪಡಿಯಲ್ಲ, ಸಂಬಂಧದ ಪ್ರಶ್ನೆ. ದತ್ತಕವಾಗಿದ್ದರೆ ದತ್ತಕದ ದಾಖಲೆ ಬೇಕು. ವಿವಾದವಿದ್ದರೆ ನ್ಯಾಯಾಲಯದಿಂದ ಘೋಷಣೆ ಪಡೆಯಬೇಕು. ಸರ್ಕಾರವನ್ನು ಪ್ರತಿವಾದಿ ಮಾಡುವ ದಾವೆಗೆ ಸಾಮಾನ್ಯವಾಗಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಪ್ರಕರಣದಡಿ ಎರಡು ತಿಂಗಳ ಮುಂಗಡ ನೋಟಿಸ್ ಕೊಡಬೇಕಾಗುವುದರಿಂದ ಆ ಅವಧಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಂಥದ್ದನ್ನು 'ಇಬ್ಬರೂ ಒಬ್ಬರೇ' ಎಂಬ ಅಫಿಡವಿಟ್‌ನಲ್ಲಿ ಅಡಗಿಸಲು ಹೋದರೆ, ಭಾರತೀಯ ನ್ಯಾಯ ಸಂಹಿತೆಯ 229 ಮತ್ತು 236ನೇ ಪ್ರಕರಣಗಳಡಿ ಸುಳ್ಳು ಸಾಕ್ಷ್ಯದ ಅಪರಾಧಕ್ಕೆ ಗುರಿಯಾಗಬಹುದು. ಪ್ರಮಾಣ ಮಾಡಿದ ತಾಯಿಯೇ ಆರೋಪಿಯಾಗುತ್ತಾಳೆ.

ಅಕ್ಷರದ ತಪ್ಪಿಗೂ ಗೆಜೆಟ್ ತನ್ನಿ ಎನ್ನುತ್ತಾರೆ, ಏನು ಮಾಡಬೇಕು?

ಕಿಟಕಿಯ ಬಳಿ ವಾದಿಸುವುದರಿಂದ ಏನೂ ಸಿಗುವುದಿಲ್ಲ. ಅರ್ಜಿಯನ್ನು ಲಿಖಿತವಾಗಿ, 15ನೇ ಪ್ರಕರಣ ಮತ್ತು 11ನೇ ನಿಯಮವನ್ನು ನಮೂದಿಸಿ ಸಲ್ಲಿಸಿ, ಸ್ವೀಕೃತಿ ಪಡೆಯಿರಿ. ನಿರಾಕರಿಸುವುದಾದರೆ ಕಾರಣ ಸಹಿತ ಹಿಂಬರಹ ಕೊಡಿ ಎಂದು ಕೇಳಿ. ಹಿಂಬರಹ ಬರೆಯಬೇಕಾದಾಗ ಅಧಿಕಾರಿ ನಿಯಮದ ಪುಸ್ತಕವನ್ನು ತೆರೆಯಲೇಬೇಕಾಗುತ್ತದೆ, ಎಷ್ಟೋ ಅರ್ಜಿಗಳು ಆ ಹಂತದಲ್ಲಿಯೇ ಸರಿಹೋಗುತ್ತವೆ. ಹಿಂಬರಹ ಕೈಗೆ ಬಂದರೂ ನಷ್ಟವಿಲ್ಲ, ಮೇಲಧಿಕಾರಿಯ ಬಳಿಗೋ ನ್ಯಾಯಾಲಯಕ್ಕೋ ಹೋಗಲು ಅದೇ ಆಧಾರ. ಅದಕ್ಕೆ ಮೊದಲು ನಿಮ್ಮ ಅಫಿಡವಿಟ್‌ನಲ್ಲಿ 'ಬದಲಾಯಿಸಿಕೊಂಡಿದ್ದೇನೆ' ಎಂಬ ಮಾತು ನುಸುಳಿಲ್ಲವೆಂದು ಇನ್ನೊಮ್ಮೆ ಓದಿ ನೋಡಿ. ನುಸುಳಿದ್ದರೆ ಹೊಸ ಅಫಿಡವಿಟ್ ಮಾಡಿಸಿ, ಹಿಂದಿನದರಲ್ಲಿ ಆದ ಬರವಣಿಗೆಯ ತಪ್ಪನ್ನೂ ಅದರಲ್ಲಿ ಹೇಳಿ. ಹಳೆಯದನ್ನು ಮುಚ್ಚಿಡಬೇಡಿ, ಅದು ಕಡತದಲ್ಲಿ ಈಗಾಗಲೇ ಇದೆ.

ಹಳೆಯ ಜನನ ಪ್ರಮಾಣಪತ್ರದಲ್ಲಿ ಜಿಲ್ಲೆ ಚಿತ್ರದುರ್ಗ ಎಂದಿದೆ, ನಾವಿರುವುದು ದಾವಣಗೆರೆ ಜಿಲ್ಲೆ. ಇದಕ್ಕೂ ಅಫಿಡವಿಟ್ ಬೇಕೇ?

ಬೇಡ. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮುಂಚೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಲ್ಲಿದ್ದವು. ಅಂದಿನ ದಾಖಲೆಯಲ್ಲಿ ಅಂದಿನ ಜಿಲ್ಲೆಯೇ ಇರಬೇಕು. ತಂದೆಯ ಹೆಸರಿನ ಅಫಿಡವಿಟ್ ಬರೆಸುವಾಗ ಆ ದಾಖಲೆಯ ವಿವರವನ್ನು 'ಹಿಂದಿನ ಚಿತ್ರದುರ್ಗ ಜಿಲ್ಲೆ, ಈಗಿನ ದಾವಣಗೆರೆ ಜಿಲ್ಲೆ' ಎಂದು ನಮೂದಿಸಿದರೆ ಸಾಕು.